ಗಂಟೆಗೋ, ನಿಮಿಷಕ್ಕೋ, ಇಡೀ ಕೆಲಸಕ್ಕೋ: ಎಡಿಟಿಂಗ್ ದರದ ಬಗ್ಗೆ ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮ,

ನಿನ್ನ ಮೇಲ್ ಓದಿದೆ. ಸ್ವಂತವಾಗಿ ಎಡಿಟಿಂಗ್ ಶುರು ಮಾಡಿದ್ದೀಯ ಅಂತ ಚಿಕ್ಕಮ್ಮ ಮೊದಲೇ ಹೇಳಿದ್ದರು. ಯಾವ ಸಾಫ್ಟ್‌ವೇರ್ ಒಳ್ಳೆಯದು, ಯಾವ ಮಾನಿಟರ್ ತಗೊಳ್ಳಲಿ ಅಂತ ಕೇಳ್ತೀಯೇನೋ ಅಂದುಕೊಂಡಿದ್ದೆ. ನೀನು ಕೇಳಿರುವುದು ಅದಕ್ಕಿಂತ ಮುಖ್ಯವಾದದ್ದು: "ಅಕ್ಕ, ಕ್ಲೈಂಟ್ ರೇಟ್ ಕೇಳಿದಾಗ ಗಂಟೆಗಿಷ್ಟು ಅನ್ನಲೋ, ನಿಮಿಷಕ್ಕಿಷ್ಟು ಅನ್ನಲೋ, ಒಟ್ಟಿಗೆ ಇಷ್ಟು ಅನ್ನಲೋ?"

ಉತ್ತರ ಮೊದಲೇ ಹೇಳಿಬಿಡ್ತೀನಿ, ಕಾರಣ ಆಮೇಲೆ ಓದು. ಫೂಟೇಜ್ ನೋಡಿದ್ದೀಯ, ಏನು ಬೇಕು ಅಂತ ಕ್ಲೈಂಟ್ ಸ್ಪಷ್ಟವಾಗಿ ಹೇಳಿದ್ದಾರೆ ಅಂದರೆ ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳು. ಆದರೆ ಏನೇನು ಸೇರಿದೆ ಅಂತ ಬರೆದುಕೊಟ್ಟೇ ಹೇಳು. ಫೂಟೇಜ್ ಇನ್ನೂ ಬಂದಿಲ್ಲ, ಅಥವಾ ಏನು ಬೇಕು ಅನ್ನುವುದು ಅವರಿಗೇ ಗೊತ್ತಿಲ್ಲ ಅಂದರೆ ಗಂಟೆ ಲೆಕ್ಕಕ್ಕೆ ಹೋಗು, ಜೊತೆಗೆ ಒಂದು ಮಿತಿ ಹಾಕಿಕೋ. ಅವರ ಜಾಗದಲ್ಲಿ, ಅವರ ಮೆಷಿನ್‌ನಲ್ಲಿ ಕೂತು ಮಾಡುವ ಕೆಲಸಕ್ಕೆ ದಿನದ ದರ. ಮುಗಿದ ವಿಡಿಯೊದ ನಿಮಿಷಕ್ಕೆ ಇಷ್ಟು ಅನ್ನುವ ಲೆಕ್ಕವನ್ನು ಒಂದೆರಡು ಬಗೆಯ ಕೆಲಸಕ್ಕೆ ಬಿಟ್ಟು ಬೇರೆಲ್ಲೂ ಒಪ್ಪಿಕೊಳ್ಳಬೇಡ. ತಿಂಗಳ ಒಪ್ಪಂದದ ಮಾತು ಅದೇ ಕ್ಲೈಂಟ್ ಜೊತೆ ಕೆಲವು ಕೆಲಸ ಮುಗಿಸಿದ ಮೇಲೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನಾನು ನೋಡುವುದು ಒಂದೇ ವಿಷಯ. ಕೆಲಸ ಅಂದುಕೊಂಡಿದ್ದಕ್ಕಿಂತ ಹಿಗ್ಗುವ ಸಾಧ್ಯತೆ ಇದೆಯಲ್ಲ, ಅದು ಯಾರ ಕೈಯಲ್ಲಿದೆ? ನನ್ನ ಕೈಯಲ್ಲಿದ್ದರೆ ಆ ಹೊರೆ ನಾನು ಹೊರಬಹುದು, ಹಾಗಾಗಿ ಒಟ್ಟು ಮೊತ್ತ ಹೇಳ್ತೀನಿ. ಕ್ಲೈಂಟ್ ಕೈಯಲ್ಲಿದ್ದರೆ ಹಿಗ್ಗಿದ್ದಕ್ಕೆಲ್ಲ ಅವರೇ ಕೊಡುವಂತಿರಬೇಕು.

ಮೊದಲು ನಿನ್ನ ಗಂಟೆಯ ದರ

ಯಾವ ರೀತಿಯಲ್ಲಿ ದರ ಹೇಳಿದರೂ ಒಳಗೊಳಗೆ ಅದು ಗಂಟೆಯ ಲೆಕ್ಕವೇ. ಕ್ಲೈಂಟ್‌ಗೆ ಅದನ್ನು ತೋರಿಸಬೇಕಾಗಿಲ್ಲ, ನಿನಗೆ ಮಾತ್ರ ಗೊತ್ತಿರಲೇಬೇಕು.

ವಾರಕ್ಕೆ 40 ಗಂಟೆ ಕೆಲಸ ಮಾಡ್ತೀಯ ಅಂದುಕೋ. ಆ 40ಕ್ಕೂ ದುಡ್ಡು ಬರುವುದಿಲ್ಲ. ಹೊಸ ಕೆಲಸ ಹುಡುಕುವುದು, ಮೇಲ್ ಬರೆಯುವುದು, ಬಿಲ್ ಮಾಡುವುದು, ಬ್ಯಾಕಪ್ ಡ್ರೈವ್ ಜೋಡಿಸುವುದು, ಹೊಸದು ಕಲಿಯುವುದು, ಎಲ್ಲಾ ಅದರಲ್ಲೇ ಹೋಗುತ್ತದೆ. ಶುರುವಿನಲ್ಲಿ 22 ಗಂಟೆಗೆ ಬಿಲ್ ಹಾಕಲು ಆದರೆ ಒಳ್ಳೆಯ ವಾರ ಅಂತ ಇಟ್ಟುಕೋ. ರಜೆ, ಜ್ವರ, ಕೆಲಸವಿಲ್ಲದ ದಿನ ಅಂತ ವರ್ಷಕ್ಕೆ 6 ವಾರ ತೆಗೆ. ಉಳಿದ 46 ವಾರಕ್ಕೆ 22ರಂತೆ ಸುಮಾರು 1000 ಗಂಟೆ. ಈಗ ವರ್ಷಕ್ಕೆ ನಿನ್ನ ಬದುಕಿಗೆ ಬೇಕಾದದ್ದು, ತೆರಿಗೆ, ಸಾಫ್ಟ್‌ವೇರ್ ಚಂದಾ, ಡ್ರೈವ್‌ಗಳು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಮೆಷಿನ್‌ನ ಒಂದು ವರ್ಷದ ಪಾಲು, ಇಷ್ಟನ್ನೂ ಕೂಡಿಸಿ 1000ದಿಂದ ಭಾಗಿಸು. ಬರುವ ಅಂಕಿ ನಿನ್ನ ತಳದ ದರ. ಅದಕ್ಕಿಂತ ಕೆಳಗೆ ಹೋದರೆ ಕೈಯಿಂದ ಹಾಕಿ ಕೆಲಸ ಮಾಡಿದ ಹಾಗೆ.

ಸಂಬಳದ ಎಡಿಟರ್ ತಿಂಗಳಿಗೆ ಪಡೆಯುವುದನ್ನು ಕಚೇರಿಯ ಗಂಟೆಗಳಿಂದ ಭಾಗಿಸಿ ದರ ಕಟ್ಟುವವರನ್ನು ತುಂಬಾ ನೋಡಿದ್ದೀನಿ. ಆ ಲೆಕ್ಕದಲ್ಲಿ ಅರ್ಧದಷ್ಟು ಕಡಿಮೆ ಬಿಲ್ ಆಗುತ್ತದೆ, ಯಾಕೆಂದರೆ ಸಂಬಳದವರಿಗೆ ಖಾಲಿ ಕೂತ ಗಂಟೆಗೂ ಹಣ ಬರುತ್ತದೆ, ಮೆಷಿನ್ ಕೂಡ ಅವರದ್ದಲ್ಲ.

ಇನ್ನು ಮುಂದೆ ನಾನು ಹಣದ ಅಂಕಿ ಹೇಳುವುದಿಲ್ಲ, ಎಲ್ಲವನ್ನೂ ಗಂಟೆಯಲ್ಲೇ ಹೇಳ್ತೀನಿ. 53 ಗಂಟೆಯ ಮೊತ್ತ ಅಂದರೆ ನಿನ್ನ ಗಂಟೆಯ ದರದ 53 ಪಟ್ಟು ಅಂತ ತಿಳಿದುಕೋ.

ಒಂದು ಕೆಲಸ ಹಿಡಿದು ಲೆಕ್ಕ ಹಾಕೋಣ

ಒಂದು ಸಂಸ್ಥೆಯವರು ತಮ್ಮ ಬಗ್ಗೆ 8 ನಿಮಿಷದ ವಿಡಿಯೊ ಬೇಕು ಅಂತಾರೆ. ಜೊತೆಗೆ ಮೊಬೈಲ್‌ನಲ್ಲಿ ನೋಡುವಂಥ 45 ಸೆಕೆಂಡಿನ 3 ವರ್ಟಿಕಲ್ ತುಣುಕು. ಇಬ್ಬರ ಸಂದರ್ಶನ ಇದೆ, ಒಬ್ಬೊಬ್ಬರದು ಒಂದು ಗಂಟೆ, ಎರಡು ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಮಾತಿನ ಮೇಲೆ ಹಾಕಲು 40 ನಿಮಿಷದ ಬೇರೆ ದೃಶ್ಯಗಳು, ಅಂದರೆ ಬಿ-ರೋಲ್, ಅದರಲ್ಲಿ ಸ್ವಲ್ಪ ಫೋನಿನಲ್ಲಿ ತೆಗೆದದ್ದು. ಧ್ವನಿ ಬೇರೆ ರೆಕಾರ್ಡರ್‌ನಲ್ಲಿದೆ.

ಕೇಳುವವರ ಲೆಕ್ಕದಲ್ಲಿ ಇದು 8 ನಿಮಿಷದ ಕೆಲಸ. ನಿನ್ನ ಲೆಕ್ಕದಲ್ಲಿ ಹೀಗೆ:

ಕಾಪಿ ಮಾಡಿ, ಬ್ಯಾಕಪ್ ತೆಗೆದು, ಸಿಂಕ್ ಮಾಡಿ, ಪ್ರಾಕ್ಸಿಗೆ, ಅಂದರೆ ಎಡಿಟ್ ಮಾಡಲು ಹಗುರವಾದ ಪ್ರತಿಗಳಿಗೆ ಹಾಕುವುದು: 2 ಗಂಟೆ
ಪೂರ್ತಿ ನೋಡಿ ಗುರುತು ಹಾಕುವುದು: 4
ಒಳ್ಳೆಯ ಮಾತುಗಳನ್ನು ಹೆಕ್ಕಿ ಅನುಕ್ರಮ ಕಟ್ಟುವುದು: 3
ರಫ್ ಕಟ್: 6
ಬಿ-ರೋಲ್, ಸಂಗೀತ ಸೇರಿಸಿ ಫೈನ್ ಕಟ್: 6
ಹೆಸರು, ಟೈಟಲ್: 2
ಎರಡು ಕ್ಯಾಮೆರಾದ ಬಣ್ಣ ಹೊಂದಿಸುವುದು: 3
ಧ್ವನಿ ಶುದ್ಧ ಮಾಡಿ ಮಿಕ್ಸ್: 3
ಮೂರು ತುಣುಕು, ತಲಾ ಒಂದೂವರೆ: 4.5
ಎರಡು ಸುತ್ತು ತಿದ್ದುಪಡಿ: 5
ಎಕ್ಸ್‌ಪೋರ್ಟ್, ಮೊದಲಿಂದ ಕೊನೆಯವರೆಗೆ ನೋಡಿ ಪರೀಕ್ಷೆ, ಅಪ್‌ಲೋಡ್: 1.5

ಒಟ್ಟು 40. ಫೋನ್ ಮಾತು, ಮೇಲ್, ಒಂದು ಮೀಟಿಂಗ್ ಅಂತ 4 ಸೇರಿಸು, 44. ಇದು ಎಲ್ಲವೂ ಸಲೀಸಾಗಿ ನಡೆದರೆ. ಸಲೀಸಾಗಿ ನಡೆಯದಿದ್ದಾಗ ಇರಲಿ ಅಂತ ಶೇಕಡಾ 20 ಸೇರಿಸಿದರೆ 53ರ ಹತ್ತಿರ ಬರುತ್ತದೆ.

ಪೂರ್ತಿ ನೋಡುವುದಕ್ಕೆ ಹಾಕಿರುವ 4 ಗಂಟೆಯನ್ನು ಗಮನಿಸು. ಎರಡು ಕ್ಯಾಮೆರಾ ಸಿಂಕ್ ಮಾಡಿ, ಎರಡನ್ನೂ ಒಟ್ಟಿಗೆ ನೋಡುವಂತೆ ಮಲ್ಟಿಕ್ಯಾಮ್ ಮಾಡಿದ್ದರಿಂದ ಸಂದರ್ಶನಗಳನ್ನು ನೋಡಲು 2 ಗಂಟೆ ಸಾಕು, ಇಲ್ಲದಿದ್ದರೆ ಅದೇ 4 ಆಗುತ್ತಿತ್ತು. ಬಿ-ರೋಲ್‌ಗೆ 40 ನಿಮಿಷ. ಉಳಿದದ್ದು ನಿಲ್ಲಿಸಿ ಗುರುತು ಹಾಕಲು, ಹಿಂದೆ ಹೋಗಿ ಮತ್ತೆ ಕೇಳಲು. ಈ ಹಂತದಲ್ಲಿ ಕ್ಲೈಂಟ್‌ಗೆ ತೋರಿಸಲು ಏನೂ ತಯಾರಾಗುವುದಿಲ್ಲ. ಹಾಗಾಗಿ ದರ ಹೇಳುವಾಗ ಎಲ್ಲರೂ ಮರೆಯುವುದು ಇದನ್ನೇ. ಮುಗಿದ ವಿಡಿಯೊ ಎಷ್ಟುದ್ದ ಅಂತ ಕೇಳುವ ಮೊದಲು ಫೂಟೇಜ್ ಎಷ್ಟು ಗಂಟೆ ಇದೆ ಅಂತ ಕೇಳುವ ಅಭ್ಯಾಸ ಮಾಡಿಕೋ.

ಫೂಟೇಜ್ ನೋಡದೆ ಮೊತ್ತ ಹೇಳಬೇಡ

ಮೇಲಿನ ಪಟ್ಟಿಯ ಮೊದಲ ಸಾಲಿನಲ್ಲಿ 2 ಗಂಟೆ ಅಂತ ಹಾಕಿದೆನಲ್ಲ, ಅದು ಫೂಟೇಜ್ ಆರೋಗ್ಯವಾಗಿದ್ದರೆ ಮಾತ್ರ. ದರ ಹೇಳುವ ಮೊದಲು ಪ್ರತಿ ಕ್ಯಾಮೆರಾದಿಂದ ಒಂದೊಂದು ಕ್ಲಿಪ್, ಒಂದು ಧ್ವನಿ ಫೈಲ್ ತರಿಸಿಕೋ. ಕ್ಲಿಪ್ ಕತ್ತರಿಸದೆ, ಮೆಸೇಜ್ ಆ್ಯಪ್‌ನಲ್ಲಿ ಕಳಿಸದೆ, ಕ್ಯಾಮೆರಾದಿಂದ ಬಂದ ಮೂಲ ಫೈಲ್ ಆಗಿರಬೇಕು. ಆ್ಯಪ್‌ನಲ್ಲಿ ಕಳಿಸಿದರೆ ಅದು ಮತ್ತೆ ಕಂಪ್ರೆಸ್ ಆಗಿ ಬರುತ್ತದೆ, ಅದರಿಂದ ನಿನಗೇನೂ ತಿಳಿಯುವುದಿಲ್ಲ.

ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಒಂದು ತೊಂದರೆ ತುಂಬಾ ಸಾಮಾನ್ಯ. ಫೋನ್ ಬೆಳಕಿಗೆ, ಬಿಸಿಗೆ ತಕ್ಕಂತೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತದೆ. ಎಡಿಟಿಂಗ್ ಟೈಮ್‌ಲೈನ್ ಮಾತ್ರ ಒಂದೇ ವೇಗ ಅಂದುಕೊಂಡಿರುತ್ತದೆ. ಇದು ಪತ್ತೆಯಾಗುವುದು ಹೀಗೆ: ಕ್ಲಿಪ್‌ನ ಶುರುವಿನಲ್ಲಿ ತುಟಿಗೂ ಮಾತಿಗೂ ಹೊಂದುತ್ತದೆ, ಹತ್ತು ನಿಮಿಷ ಕಳೆದ ಮೇಲೆ ಮಾತು ಹಿಂದೆಯೋ ಮುಂದೆಯೋ ಹೋಗಿರುತ್ತದೆ, ನಡುವೆ ವ್ಯತ್ಯಾಸ ಒಂದೇ ಸಮನೆ ಹೆಚ್ಚದೆ ಏರುಪೇರಾಗಿರುತ್ತದೆ. MediaInfo ಅನ್ನುವ ಉಚಿತ ತಂತ್ರಾಂಶದಲ್ಲಿ ಕ್ಲಿಪ್ ತೆರೆದರೆ `Frame rate mode : Variable` ಅಂತ ತೋರಿಸುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ತಾವೇ ಸರಿದೂಗಿಸುತ್ತವೆ, ಆದರೆ ಉದ್ದದ ಕ್ಲಿಪ್ ಆದರೆ ನಾನು ನಂಬುವುದಿಲ್ಲ, ಮೊದಲೇ ಸ್ಥಿರ ವೇಗಕ್ಕೆ ತಂದುಕೊಳ್ತೀನಿ:

```
ffmpeg -i phone.mp4 -vf fps=25 -c:v libx264 -crf 16 -c:a aac -b:a 256k phone_25.mp4
```

25 ಅನ್ನುವಲ್ಲಿ ನಿನ್ನ ಟೈಮ್‌ಲೈನ್‌ನ ಫ್ರೇಮ್ ರೇಟ್ ಹಾಕು. ಮೂಲ ಫೈಲ್ ಅಳಿಸಬೇಡ.

ಕ್ಯಾಮೆರಾ ಮತ್ತು ಬೇರೆ ರೆಕಾರ್ಡರ್ ನಡುವೆಯೂ ಒಂದು ಗಂಟೆಯ ಕೊನೆಗೆ ಕೆಲವು ಫ್ರೇಮ್ ವ್ಯತ್ಯಾಸ ಬರಬಹುದು. ಎರಡರ ಒಳಗಿನ ಗಡಿಯಾರ ಒಂದೇ ಅಲ್ಲ, ಅದಕ್ಕೆ. ಇಲ್ಲಿ ವ್ಯತ್ಯಾಸ ಒಂದೇ ಸಮನೆ ಹೆಚ್ಚುತ್ತಾ ಹೋಗುತ್ತದೆ, ಹಾಗಾಗಿ ಮಾತಿನ ನಡುವೆ ಮೌನ ಇರುವ ಜಾಗದಲ್ಲಿ ಕತ್ತರಿಸಿ ಒಂದೆರಡು ಫ್ರೇಮ್ ಸರಿಸಿದರೆ ಸಾಕು. ಹೆದರುವಂಥದ್ದಲ್ಲ.

ಧ್ವನಿ ಫೈಲನ್ನು ಹೆಡ್‌ಫೋನ್ ಹಾಕಿಕೊಂಡು ಕೇಳು. ಫ್ಯಾನ್ ಸದ್ದು, ಮೈಕ್‌ಗೆ ಬಟ್ಟೆ ಉಜ್ಜುವ ಸದ್ದು ಇದ್ದರೆ ಮಿಕ್ಸ್‌ನ 3 ಗಂಟೆ 6 ಆಗುತ್ತದೆ. ಮಾತು ಜೋರಾದ ಕಡೆ ತಲೆ ಕತ್ತರಿಸಿದ ಹಾಗೆ ಒಡೆದಿದ್ದರೆ ಅದನ್ನು ಪೂರ್ತಿ ಸರಿ ಮಾಡಲು ಆಗುವುದಿಲ್ಲ, ಸ್ವಲ್ಪ ಮೃದು ಮಾಡಬಹುದು ಅಷ್ಟೇ. ಅದನ್ನು ದರ ಹೇಳುವ ಮೇಲ್‌ನಲ್ಲೇ ತಿಳಿಸು. ಕೆಲಸ ಒಪ್ಪಿಕೊಂಡ ಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ಮಾದರಿ ಕ್ಲಿಪ್ ಕಳಿಸಲು ಒಪ್ಪದವರಿಗೆ ಒಟ್ಟು ಮೊತ್ತ ಹೇಳುವುದೇ ಬೇಡ, ಗಂಟೆ ದರ ಹೇಳು.

ನಿಮಿಷದ ದರ ಯಾಕೆ ಬೇಡ

ಮುಗಿದ ವಿಡಿಯೊದ ನಿಮಿಷಕ್ಕೆ ಇಷ್ಟು ಅಂತ ಕೇಳುವ ಕ್ಲೈಂಟ್‌ಗಳು ತುಂಬಾ. ಅವರಿಗೆ ಹೋಲಿಸಿ ನೋಡಲು ಸುಲಭ. ನಿನಗೂ ಹೇಳಲು ಸುಲಭ. ಆದರೆ ಅಳೆಯುತ್ತಿರುವುದು ತಪ್ಪು ವಸ್ತುವನ್ನು.

ನೀನು ಹಿಂದೆ ಒಂದು ಕ್ಯಾಮೆರಾದ ಉಪನ್ಯಾಸ ಎಡಿಟ್ ಮಾಡಿದ್ದೆ, ಮುಗಿದ ಒಂದು ನಿಮಿಷಕ್ಕೆ 3 ಗಂಟೆ ಹಿಡಿದಿತ್ತು ಅಂದುಕೋ. ಅದೇ ದರವನ್ನು ಈ ಕೆಲಸಕ್ಕೆ ಹಾಕಿದರೆ 8 ನಿಮಿಷಕ್ಕೆ ಮತ್ತು ತುಣುಕುಗಳ ಎರಡೂಕಾಲು ನಿಮಿಷಕ್ಕೆ ಸೇರಿ ಸುಮಾರು 31 ಗಂಟೆಯ ಹಣ. ಕೆಲಸ 44 ಗಂಟೆ. ಅಂದರೆ ಪ್ರತಿ ಗಂಟೆಗೆ ನಿನ್ನ ದರದ ಶೇಕಡಾ 70 ಮಾತ್ರ ಸಿಕ್ಕಿತು.

ಇದು ಸಣ್ಣ ತೊಂದರೆ, ದರ ಏರಿಸಿ ಸರಿ ಮಾಡಬಹುದು. ದೊಡ್ಡದು ಬೇರೆ ಇದೆ. ರಫ್ ಕಟ್ ನೋಡಿ ಕ್ಲೈಂಟ್, "ಚೆನ್ನಾಗಿದೆ, ಸ್ವಲ್ಪ ಉದ್ದ ಆಯ್ತು, 6 ನಿಮಿಷಕ್ಕೆ ತನ್ನಿ" ಅಂತಾರೆ. ಒಳ್ಳೆಯ ಸಲಹೆಯೇ, ವಿಡಿಯೊ ನಿಜಕ್ಕೂ ಬಿಗಿಯಾಗುತ್ತದೆ. ಆದರೆ 2 ನಿಮಿಷ ತೆಗೆಯುವುದು ಅಂದರೆ ಮಾತುಗಳನ್ನು ಮತ್ತೆ ತೂಗಿ ನೋಡಬೇಕು, ಎರಡು ಉತ್ತರಗಳನ್ನು ಒಂದಾಗಿ ಹೊಲಿಯಬೇಕು, ಆ ಹೊಲಿಗೆ ಕಾಣದಂತೆ ಬಿ-ರೋಲ್ ಹಾಕಬೇಕು, ಸಂಗೀತ ಮತ್ತೆ ಹೊಂದಿಸಬೇಕು. 4 ಗಂಟೆ ಹೆಚ್ಚು ಕೆಲಸ. ನಿನಗೆ ಬರುವ ಹಣ ಮಾತ್ರ 6 ಗಂಟೆಯಷ್ಟು ಕಡಿಮೆ. ವಿಡಿಯೊ ಉತ್ತಮವಾದಷ್ಟೂ ನಿನಗೆ ನಷ್ಟವಾಗುವ ದರ ಅದು. ಎಡಿಟರ್ ಅದನ್ನು ಒಪ್ಪಿಕೊಂಡರೆ ತೆಗೆಯಬೇಕಾದ ಶಾಟ್ ತೆಗೆಯಲು ಕೈ ಬರುವುದಿಲ್ಲ. ಕೆಲಸವೇ ಕೆಡುತ್ತದೆ.

ಎಲ್ಲಿ ಸರಿ ಅಂದರೆ ಒಳಗೆ ಬರುವ ಉದ್ದ ಮತ್ತು ಹೊರಗೆ ಹೋಗುವ ಉದ್ದ ಹೆಚ್ಚುಕಡಿಮೆ ಒಂದೇ ಇರುವ ಕಡೆ. ಸಬ್‌ಟೈಟಲ್ ಹಾಕುವುದು ಹಾಗೆ. ಉಪನ್ಯಾಸಕ್ಕೆ ಮುಂದೆ ಹಿಂದೆ ಟೈಟಲ್ ಸೇರಿಸಿ ಧ್ವನಿ ಸಮ ಮಾಡಿ ಕೊಡುವುದೂ ಹಾಗೆ. ಅಲ್ಲಿ ಧೈರ್ಯವಾಗಿ ನಿಮಿಷದ ದರ ಹೇಳು.

ಗಂಟೆಯ ದರ

ಇದರಲ್ಲಿ ನಿನಗೆ ನಷ್ಟವಿಲ್ಲ. ಮಾಡಿದಷ್ಟಕ್ಕೆ ಹಣ. ಕ್ಲೈಂಟ್‌ಗೆ ಮಾತ್ರ ಬಿಲ್ ಎಲ್ಲಿಗೆ ಮುಟ್ಟುತ್ತದೋ ಅನ್ನುವ ಭಯ ಇರುತ್ತದೆ, ಅದು ನ್ಯಾಯವಾದ ಭಯ. ಹೊಸಬನಾದ ನಿನ್ನ ವೇಗ ಅವರಿಗೆ ಗೊತ್ತಿಲ್ಲ.

ಹಾಗಾಗಿ ಬರೀ ದರ ಹೇಳಿ ಬಿಡಬೇಡ. ನಮ್ಮ ಉದಾಹರಣೆಯಲ್ಲಿ ಹೀಗೆ ಹೇಳಬಹುದು: ಅಂದಾಜು 44ರಿಂದ 53 ಗಂಟೆ. 40 ಮುಟ್ಟಿದಾಗ ಏನಾಗಿದೆ, ಏನು ಉಳಿದಿದೆ ಅಂತ ತಿಳಿಸ್ತೀನಿ. ನಿಮ್ಮ ಒಪ್ಪಿಗೆ ಇಲ್ಲದೆ 53 ದಾಟುವುದಿಲ್ಲ. ಈ ಒಂದು ಮಾತಿನಿಂದ ಭಯ ಬಹುಪಾಲು ಹೋಗುತ್ತದೆ.

ಗಂಟೆ ಬರೆದಿಡುವಾಗ ಪ್ರತಿದಿನ ಕೆಲಸ ಮುಗಿಸಿ ಮೆಷಿನ್ ಮುಂದಿನಿಂದ ಎದ್ದೇಳುವ ಮೊದಲು ಬರೆ. ವಾರದ ಕೊನೆಗೆ ನೆನಪಿಸಿಕೊಂಡು ಬರೆದ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ. ರೆಂಡರ್ ಆಗುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕಾ ಅಂತ ಎಲ್ಲರೂ ಕೇಳ್ತಾರೆ. ರಾತ್ರಿ ಮೆಷಿನ್ ತಾನಾಗಿ ಓಡಿದರೆ ನಾನು ಹಿಡಿಯುವುದಿಲ್ಲ. ಎಕ್ಸ್‌ಪೋರ್ಟ್ ಆದ ಫೈಲನ್ನು ಪೂರ್ತಿ ಕೂತು ನೋಡುವ ಹೊತ್ತನ್ನು ಖಂಡಿತ ಹಿಡಿಯುತ್ತೀನಿ, ಯಾಕೆಂದರೆ ಅದು ಕೆಲಸ. ಟೈಮ್‌ಲೈನ್‌ನಲ್ಲಿ ಸರಿ ಇದ್ದದ್ದು ಎಕ್ಸ್‌ಪೋರ್ಟ್‌ನಲ್ಲಿ ಒಂದು ಕಪ್ಪು ಫ್ರೇಮ್ ಆಗಿಯೋ, ಆಫ್‌ಲೈನ್ ಆದ ಕ್ಲಿಪ್ ಆಗಿಯೋ ಬರಬಹುದು. ನೋಡದೆ ಕಳಿಸಿದರೆ ಅದನ್ನು ಮೊದಲು ಕಾಣುವವರು ಕ್ಲೈಂಟ್.

ಗಂಟೆ ದರದ ನಿಜವಾದ ಕೊರತೆ ಮುಂದೆ ಗೊತ್ತಾಗುತ್ತದೆ. ಕೈ ಪಳಗಿದಂತೆ ಅದೇ 44 ಗಂಟೆಯ ಕೆಲಸ 34ಕ್ಕೆ ಮುಗಿಯುತ್ತದೆ. ಕ್ಲೈಂಟ್‌ಗೆ ಸಿಗುವುದು ಅದೇ ವಿಡಿಯೊ, ಬಹುಶಃ ಇನ್ನೂ ಚೆನ್ನಾಗಿರುವುದು. ನಿನಗೆ 10 ಗಂಟೆಯ ಹಣ ಕಡಿಮೆ. ದರ ಏರಿಸಬಹುದು, ಆದರೆ ಹಳೆಯ ಕ್ಲೈಂಟ್‌ಗೆ ಗಂಟೆ ದರ ಏರಿಸಿ ಹೇಳುವಾಗ ಅವರಿಗೆ ಕಾಣುವುದು ಏರಿದ ಅಂಕಿ ಮಾತ್ರ, ಇಳಿದ ಗಂಟೆಗಳಲ್ಲ.

ಇಡೀ ಕೆಲಸಕ್ಕೆ ಒಂದು ಮೊತ್ತ

ಅದೇ ಕೆಲಸಕ್ಕೆ 53 ಗಂಟೆಯ ಮೊತ್ತ ಹೇಳಿದ್ದೀಯ. ಅಂದಾಜಿನಂತೆ 44ಕ್ಕೆ ಮುಗಿದರೆ ಗಂಟೆಗೆ ನಿನ್ನ ದರದ 1.2 ಪಟ್ಟು ಬಂತು. ಪಳಗಿ 34ಕ್ಕೆ ಮುಗಿಸಿದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಕ್ಲೈಂಟ್ ಎಷ್ಟು ಕೊಡಬೇಕು ಅಂತ ಮೊದಲ ದಿನವೇ ಗೊತ್ತು, ಅವರೂ ನಿಶ್ಚಿಂತೆ. ಇಬ್ಬರಿಗೂ ಒಳ್ಳೆಯದು ಅನ್ನಿಸುವುದು ಇದೇ, ಅದಕ್ಕೇ ನಾನು ಹೆಚ್ಚಾಗಿ ಇದನ್ನೇ ಬಳಸುವುದು.

ಕೆಡುವುದು ತಿದ್ದುಪಡಿಯಲ್ಲಿ. ಎಲ್ಲಾ ಮುಗಿದು, ಬಣ್ಣ, ಧ್ವನಿ, ಸಬ್‌ಟೈಟಲ್ ಆದ ಮೇಲೆ ಸಂಸ್ಥೆಯ ಹಿರಿಯರೊಬ್ಬರು ಮೊದಲ ಬಾರಿಗೆ ವಿಡಿಯೊ ನೋಡ್ತಾರೆ. "ಮೂರನೇ ನಿಮಿಷದಲ್ಲಿ ಆ 20 ಸೆಕೆಂಡಿನ ಮಾತು ಬೇಡ" ಅಂತಾರೆ. ಅವರಿಗೆ ಅದು ಒಂದು ಕತ್ತರಿ. ನಿನಗೆ ಏನಾಗುತ್ತದೆ ನೋಡು. 20 ಸೆಕೆಂಡ್ ತೆಗೆದ ಕೂಡಲೇ ಆಚೀಚೆಯ ಎರಡು ವಾಕ್ಯ ಒಂದಕ್ಕೊಂದು ಅಂಟುವುದಿಲ್ಲ, ಹಾಗಾಗಿ ಹಿಂದಿನ ವಾಕ್ಯವನ್ನೂ ಬದಲಿಸಬೇಕು. ಕೆಳಗಿದ್ದ ಸಂಗೀತದ ತಾಳ ನಡುವೆ ತುಂಡಾಗುತ್ತದೆ, ಅದನ್ನು ಇನ್ನೊಂದು ತಾಳದ ಮೇಲೆ ತಂದು ಜೋಡಿಸಬೇಕು. ಬಿ-ರೋಲ್‌ನ ಒಂದು ಶಾಟ್ ಕತ್ತರಿಯ ಎರಡೂ ಬದಿಗೆ ಚಾಚಿದ್ದರೆ ಅದಕ್ಕೆ ಬೇರೆ ಶಾಟ್ ಹುಡುಕಿ ಬಣ್ಣ ಹೊಂದಿಸಬೇಕು. ಅಲ್ಲಿಂದ ಮುಂದಿನ ಸಬ್‌ಟೈಟಲ್ ಎಲ್ಲಾ ಬೇರೆ ಫೈಲ್‌ನಲ್ಲಿದ್ದರೆ 20 ಸೆಕೆಂಡ್ ಹಿಂದಕ್ಕೆ ಸರಿಸಬೇಕು. ಮತ್ತೆ ಎಕ್ಸ್‌ಪೋರ್ಟ್, ಮತ್ತೆ ಪೂರ್ತಿ ನೋಡುವುದು, ಮತ್ತೆ ಅಪ್‌ಲೋಡ್. ಆ ಮಾತು ಒಂದು ವರ್ಟಿಕಲ್ ತುಣುಕಿನಲ್ಲೂ ಇದ್ದರೆ ಅದನ್ನೂ ಬದಲಿಸಬೇಕು. ಇಂಥ ನಾಲ್ಕೈದು ಸಲಹೆ ಒಟ್ಟಿಗೆ ಬಂದರೆ 14 ಗಂಟೆ ಹೋಗುವುದು ದೊಡ್ಡ ಮಾತಲ್ಲ. 44 ಇದ್ದದ್ದು 58 ಆಯಿತು, ಬಂದ ಹಣ 53ರದ್ದು.

ಅದಕ್ಕೇ ಪಿಕ್ಚರ್ ಲಾಕ್ ಅನ್ನುವ ಹಂತ ಇರುವುದು. ಶಾಟ್‌ಗಳ ಅನುಕ್ರಮ, ಉದ್ದ ಇನ್ನು ಬದಲಾಗುವುದಿಲ್ಲ ಅಂತ ಎಲ್ಲರೂ ಒಪ್ಪಿದ ಮೇಲೆ ಮಾತ್ರ ಬಣ್ಣ, ಮಿಕ್ಸ್, ಸಬ್‌ಟೈಟಲ್ ಮುಟ್ಟಬೇಕು. ಲಾಕ್ ಆಗುವ ಮೊದಲು ಅದೇ 20 ಸೆಕೆಂಡ್ ತೆಗೆಯಲು ಅರ್ಧ ಗಂಟೆ ಸಾಕು. ಲಾಕ್‌ಗೆ ಮೇಲ್‌ನಲ್ಲಿ ಒಪ್ಪಿಗೆ ತಗೋ. ಫೋನಿನಲ್ಲಿ "ಆಯ್ತು, ಚೆನ್ನಾಗಿದೆ" ಅಂದದ್ದು ಒಪ್ಪಿಗೆಯಲ್ಲ. ಮುಖ್ಯವಾಗಿ, ಕೊನೆಯ ಮಾತು ಹೇಳುವ ವ್ಯಕ್ತಿ ರಫ್ ಕಟ್ಟನ್ನೇ ನೋಡುವಂತೆ ಮಾಡು. "ಅವರಿಗೆ ಬಿಡುವಿಲ್ಲ, ಕೊನೆಗೆ ತೋರಿಸಿದರಾಯ್ತು" ಅಂದರೆ ಆ 14 ಗಂಟೆ ಬಂದೇ ಬರುತ್ತದೆ ಅಂತ ತಿಳಿ.

ಒಂದು ಸುತ್ತು ತಿದ್ದುಪಡಿ ಅಂದರೆ ಏನು ಅನ್ನುವುದನ್ನೂ ಬರೆದಿಡಬೇಕು. ನಾನು ಬರೆಯುವುದು ಹೀಗೆ: ನಿಮ್ಮ ಕಡೆಯ ಎಲ್ಲರ ಸಲಹೆಗಳನ್ನೂ ಒಬ್ಬರು ಕೂಡಿಸಿ, ಟೈಮ್‌ಕೋಡ್ ಸಹಿತ, ಒಂದೇ ಪಟ್ಟಿಯಾಗಿ ಕಳಿಸುವುದು ಒಂದು ಸುತ್ತು. ಇಲ್ಲದಿದ್ದರೆ ಬೆಳಿಗ್ಗೆ ಒಬ್ಬರು "ಸಂಗೀತ ಕಡಿಮೆ ಮಾಡಿ" ಅಂತಾರೆ, ಸಂಜೆ ಇನ್ನೊಬ್ಬರು "ಸಂಗೀತ ಕೇಳಿಸ್ತಾನೇ ಇಲ್ಲ" ಅಂತಾರೆ. ಅವರಿಬ್ಬರ ನಡುವಿನ ಮಾತು ಅವರೇ ಮುಗಿಸಿಕೊಳ್ಳಲಿ. "ಇನ್ನೂ ಸ್ವಲ್ಪ ಪಂಚ್ ಬೇಕು" ಅನ್ನುವಂಥ ಸಲಹೆ ಬಂದರೆ ಕೆಲಸ ಶುರು ಮಾಡಬೇಡ, ಯಾವ ಜಾಗದಲ್ಲಿ ನೋಡಿ ಹಾಗನ್ನಿಸಿತು ಅಂತ ಕೇಳು. ಬಹಳ ಸಲ ಅದು ಇಡೀ ವಿಡಿಯೊದ ಮಾತಾಗಿರದೆ ಶುರುವಿನ ಅರ್ಧ ನಿಮಿಷದ ಮಾತಾಗಿರುತ್ತದೆ.

ಒಪ್ಪಿದ ಸುತ್ತುಗಳ ಆಚೆ, ಅಥವಾ ಲಾಕ್ ಆದ ಮೇಲೆ ಬರುವ ಬದಲಾವಣೆಗೆ ಗಂಟೆ ದರ ಅಂತ ಸೇರಿಸು. ಆಗ ಆ 14 ಗಂಟೆ ಬಂದರೂ ನಿನಗೆ 53ಕ್ಕೆ 14 ಸೇರಿ 67 ಗಂಟೆಯ ಹಣ ಬರುತ್ತದೆ, ಕೆಲಸ 58. ಅಂದರೆ ಒಟ್ಟು ಮೊತ್ತ ಮತ್ತು ಗಂಟೆ ದರ ಎರಡನ್ನೂ ಬಳಸಿದ ಹಾಗಾಯಿತು: ನಿನ್ನ ಕೈಯಲ್ಲಿರುವ ಭಾಗಕ್ಕೆ ಮೊತ್ತ, ಅವರ ಕೈಯಲ್ಲಿರುವ ಭಾಗಕ್ಕೆ ಗಂಟೆ.

ದಿನ ಮತ್ತು ತಿಂಗಳು

ದಿನದ ದರದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಪ್ರೊಡಕ್ಷನ್ ಹೌಸ್‌ನವರು ತಮ್ಮಲ್ಲಿಗೆ ಬಂದು ಕೂತು ಎಡಿಟ್ ಮಾಡಿ ಅಂದಾಗ ಇದೇ ಸರಿ, ಯಾಕೆಂದರೆ ಆ ದಿನ ನೀನು ಬೇರೆ ಕೆಲಸ ಮಾಡಲಾರೆ. ದಿನ ಅಂದರೆ ಎಷ್ಟು ಗಂಟೆ, ಅದಾದ ಮೇಲೆ ಏನು ದರ, ಹಿಂದಿನ ದಿನ ರದ್ದು ಮಾಡಿದರೆ ಎಷ್ಟು ಕೊಡಬೇಕು, ಈ ಮೂರನ್ನು ಮೊದಲೇ ಕೇಳಿಕೋ. ಅರ್ಧ ದಿನದ ಕೆಲಸ ಒಪ್ಪುವಾಗ ಯೋಚಿಸು, ಉಳಿದ ಅರ್ಧ ದಿನ ಹೋಗಿ ಬರುವುದರಲ್ಲೇ ಮುಗಿಯುತ್ತದೆ.

ತಿಂಗಳ ಒಪ್ಪಂದ ಆಕರ್ಷಕ, ಮುಂದಿನ ತಿಂಗಳ ಹಣ ಗೊತ್ತಿರುತ್ತದೆ ಅನ್ನುವ ನೆಮ್ಮದಿ ಸಣ್ಣದಲ್ಲ. ಆದರೆ ಅದನ್ನು ವಿಡಿಯೊಗಳ ಸಂಖ್ಯೆಯಲ್ಲಿ ಹೇಳಬೇಡ. ತಿಂಗಳಿಗೆ 4 ವಿಡಿಯೊ ಅಂತ ಒಪ್ಪಿಕೊಂಡರೆ ಮೊದಲ ತಿಂಗಳು 3 ನಿಮಿಷದ್ದು, ಮೂರನೇ ತಿಂಗಳಿಗೆ ಅದೇ 12 ನಿಮಿಷದ್ದಾಗಿರುತ್ತದೆ, ಮೊತ್ತ ಮಾತ್ರ ಅಷ್ಟೇ. ತಿಂಗಳಿಗೆ ಇಷ್ಟು ಗಂಟೆ ಅಂತ ಹೇಳು. ಬಳಸದ ಗಂಟೆ ಮುಂದಿನ ಒಂದು ತಿಂಗಳಿಗೆ ಮಾತ್ರ ಹೋಗಬಹುದು, ಆಮೇಲೆ ಇಲ್ಲ ಅಂತ ಸೇರಿಸು. ಇಲ್ಲದಿದ್ದರೆ ಅವರು ನಾಲ್ಕು ತಿಂಗಳು ಸುಮ್ಮನಿದ್ದು ಐದನೆಯದರಲ್ಲಿ ಎಲ್ಲವನ್ನೂ ಒಟ್ಟಿಗೆ ಕೇಳ್ತಾರೆ. ಮೊದಲ ಕೆಲಸದಲ್ಲೇ "ಮುಂದೆ ತುಂಬಾ ಕೆಲಸ ಕೊಡ್ತೀವಿ, ಈಗ ದರ ಇಳಿಸಿ" ಅನ್ನುವವರಿಗೆ ಇಳಿಸಬೇಡ. ಆ ಮುಂದಿನ ಕೆಲಸಗಳು ಒಪ್ಪಂದದಲ್ಲಿ ಬರೆದಿದ್ದರೆ ಆಗ ರಿಯಾಯಿತಿ ಮಾತಾಡಬಹುದು.

ನಿನಗೆ ಬಂದಿರುವ ಕೆಲಸ

ನೀನು ಬರೆದಿರುವ ಪ್ರಕಾರ ಒಂದು ದಿನದ ಕಾರ್ಯಕ್ರಮದ ವಿಡಿಯೊ, "ಮೂರ್ನಾಲ್ಕು ನಿಮಿಷ ಇದ್ದರೆ ಸಾಕು, ಸುಮ್ಮನೆ ಕತ್ತರಿಸಿ ಜೋಡಿಸಿದರಾಯ್ತು" ಅಂದಿದ್ದಾರೆ. ಫೂಟೇಜ್ ಎಷ್ಟು ಅಂತ ಹೇಳಿಲ್ಲ, ಯಾರು ಒಪ್ಪಿಗೆ ಕೊಡುವವರು ಅಂತಲೂ ಹೇಳಿಲ್ಲ. ಹಾಗಾಗಿ ಇವತ್ತು ಮೊತ್ತ ಕಳಿಸಬೇಡ. ಮೊದಲು ಇಷ್ಟು ಕೇಳಿ ಬರೆ: ಎಷ್ಟು ಕ್ಯಾಮೆರಾ, ಒಟ್ಟು ಎಷ್ಟು ಗಂಟೆ ಫೂಟೇಜ್, ಧ್ವನಿ ಎಲ್ಲಿ ರೆಕಾರ್ಡ್ ಆಗಿದೆ, ವಿಡಿಯೊ ಎಲ್ಲಿ ಹಾಕುತ್ತಾರೆ, ಕೊನೆಯ ಒಪ್ಪಿಗೆ ಯಾರದ್ದು, ಯಾವ ದಿನದೊಳಗೆ ಬೇಕು. ಜೊತೆಗೆ ಮಾದರಿ ಕ್ಲಿಪ್‌ಗಳು.

ಉತ್ತರ ಸ್ಪಷ್ಟವಾಗಿ ಬಂದರೆ ಮೇಲಿನ ಹಾಗೆ ಗಂಟೆ ಕಟ್ಟಿ, ಇಂಥ ಒಂದು ಪತ್ರ ಕಳಿಸು:

"ಈ ಮೊತ್ತದಲ್ಲಿ ಸೇರಿರುವುದು: ನೀವು ಕಳಿಸುವ 5 ಗಂಟೆಯವರೆಗಿನ ಫೂಟೇಜ್‌ನಿಂದ 4 ನಿಮಿಷದವರೆಗಿನ ಒಂದು ವಿಡಿಯೊ, ಬಣ್ಣ, ಧ್ವನಿ ಮಿಕ್ಸ್, ಟೈಟಲ್. ರಫ್ ಕಟ್ ಮೇಲೆ ಒಂದು ಸುತ್ತು, ಫೈನ್ ಕಟ್ ಮೇಲೆ ಒಂದು ಸುತ್ತು ತಿದ್ದುಪಡಿ. ಎಲ್ಲರ ಸಲಹೆಗಳೂ ಟೈಮ್‌ಕೋಡ್ ಸಹಿತ ಒಂದೇ ಪಟ್ಟಿಯಲ್ಲಿ ಬರಬೇಕು. ಇದರಾಚೆಗಿನ ಸುತ್ತು ಮತ್ತು ಪಿಕ್ಚರ್ ಲಾಕ್ ನಂತರದ ಬದಲಾವಣೆಗೆ ಗಂಟೆ ದರ, ಶುರು ಮಾಡುವ ಮೊದಲು ಅಂದಾಜು ತಿಳಿಸುತ್ತೇನೆ. ಸಂಗೀತದ ಲೈಸೆನ್ಸ್ ಖರ್ಚು ಬೇರೆ. ಪ್ರಾಜೆಕ್ಟ್ ಫೈಲ್ ಇದರಲ್ಲಿ ಸೇರಿಲ್ಲ. ಅರ್ಧ ಹಣ ಶುರುವಿಗೆ, ಉಳಿದದ್ದು ಕೊನೆಯ ಫೈಲ್ ಕೊಡುವ ಮೊದಲು. ಅಲ್ಲಿಯವರೆಗಿನ ಪ್ರತಿಗಳಲ್ಲಿ ವಾಟರ್‌ಮಾರ್ಕ್ ಇರುತ್ತದೆ. ಫೂಟೇಜನ್ನು ಕೆಲಸ ಮುಗಿದ 60 ದಿನದವರೆಗೆ ಇಟ್ಟುಕೊಂಡಿರುತ್ತೇನೆ."

5 ಗಂಟೆ ಅನ್ನುವ ಮಿತಿಯನ್ನು ಬಿಡಬೇಡ. ಕಾರ್ಯಕ್ರಮದ ವಿಡಿಯೊಗಳಲ್ಲಿ ಬಂದಿದ್ದ ಅತಿಥಿಗಳೆಲ್ಲ ನಿನ್ನ ಕೆಲಸ ಶುರುವಾದ ಮೇಲೆ ತಮ್ಮ ಫೋನಿನ ಕ್ಲಿಪ್ ಕಳಿಸಲು ಶುರು ಮಾಡ್ತಾರೆ, ಪ್ರತಿಯೊಂದನ್ನೂ ನೋಡಬೇಕು, ಪ್ರತಿಯೊಂದೂ ಬೇರೆ ಬೇರೆ ಫ್ರೇಮ್ ರೇಟ್. ಮಿತಿ ಬರೆದಿದ್ದರೆ ಹೆಚ್ಚಿಗೆ ಬಂದದ್ದಕ್ಕೆ ಎಷ್ಟಾಗುತ್ತದೆ ಅಂತ ನೀನು ಸಂಕೋಚವಿಲ್ಲದೆ ಹೇಳಬಹುದು, ಅವರೂ ಬೇಕಾದದ್ದನ್ನು ಆರಿಸಿ ಕಳಿಸ್ತಾರೆ.

ಉತ್ತರ ಅಸ್ಪಷ್ಟವಾಗಿಯೇ ಬಂದರೆ, ಫೂಟೇಜ್ ನೋಡಿ ಹೆಕ್ಕುವ ಮೊದಲ ಹಂತವನ್ನು ಮಾತ್ರ ಗಂಟೆ ಲೆಕ್ಕದಲ್ಲಿ, 8 ಗಂಟೆಯ ಮಿತಿ ಹಾಕಿ ಮಾಡಿಕೊಡ್ತೀನಿ ಅನ್ನು. ಅದು ಮುಗಿಯುವ ಹೊತ್ತಿಗೆ ಏನು ಇದೆ, ಏನು ಇಲ್ಲ ಅಂತ ಇಬ್ಬರಿಗೂ ತಿಳಿದಿರುತ್ತದೆ. ಉಳಿದ ಎಡಿಟ್‌ಗೆ ಆಗ ಮೊತ್ತ ಹೇಳು.

ಅವರ ಉತ್ತರ ಬಂದ ಮೇಲೆ ನಿನ್ನ ಗಂಟೆಗಳ ಪಟ್ಟಿ ನನಗೆ ಕಳಿಸು. ಮೊತ್ತ ಕಳಿಸುವ ಮೊದಲು ಕೂತು ನೋಡೋಣ, ಅದರಲ್ಲೂ ಪೂರ್ತಿ ನೋಡುವುದಕ್ಕೆ ಎಷ್ಟು ಹಾಕಿದ್ದೀಯ ಅಂತ.

ನಿನ್ನ ಅಕ್ಕ